ಬಜೆಟ್ ದಿನಕ್ಕೆ ಮಾರ್ಕೆಟ್ ಎಷ್ಟು ಪಾಯಿಂಟ್ ಎತ್ತಿಟ್ಟಿದೆ? ಹತ್ತಿರದ ಎಕ್ಸ್‌ಪೈರಿಯಿಂದ ಲೆಕ್ಕ ತೆಗೆಯುವುದು ಹೀಗೆ

ಬಡ್ಡಿ ದರದ ಘೋಷಣೆ ಆಯಿತು. ಸೂಚ್ಯಂಕ 200 ಪಾಯಿಂಟ್ ಏರಿತು. ಏರುತ್ತದೆ ಅಂತ ಹಿಂದಿನ ಸಂಜೆಯೇ ನೀವು ಹೇಳಿದ್ದಿರಿ, ಅದರಂತೆಯೇ ಆಯಿತು. ಆದರೆ ಆ ಸಂಜೆ 40 ಪಾಯಿಂಟ್ ಕೊಟ್ಟು ಕೊಂಡ ಕಾಲ್ ಆಪ್ಷನ್ ಈಗ 6ಕ್ಕೆ ಬಂದು ನಿಂತಿದೆ. ಸ್ಕ್ರೀನ್ ಕೆಟ್ಟಿದೆಯಾ, ಯಾರಾದರೂ ಬೆಲೆ ಎಳೆದಾಡಿದರಾ ಅಂತ ಅನುಮಾನ ಬರುವುದು ಸಹಜ. ಹಾಗೇನೂ ಆಗಿರುವುದಿಲ್ಲ. ಆ 40ರಲ್ಲಿ ಹೆಚ್ಚಿನ ಪಾಲು ಆ ಒಂದು ಘೋಷಣೆಯ ಅನಿಶ್ಚಿತತೆಗೆ ಕಟ್ಟಿದ ಹಣ. ಘೋಷಣೆ ಮುಗಿದ ಕೂಡಲೇ ಅನಿಶ್ಚಿತತೆಯೂ ಹೋಯಿತು, ಅದಕ್ಕಿದ್ದ ಬೆಲೆಯೂ ಹೋಯಿತು.

ಈ ಬೆಲೆ ಎಷ್ಟು ಅಂತ ಮೊದಲೇ ತಿಳಿದುಕೊಳ್ಳಬಹುದು. ಅದಕ್ಕೆ ಬೇಕಾಗಿರುವುದು ಎರಡು ಎಕ್ಸ್‌ಪೈರಿಗಳ ಪ್ರೀಮಿಯಂ ಮತ್ತು ಒಂದು ಸಾದಾ ಕ್ಯಾಲ್ಕ್ಯುಲೇಟರ್. ಇಡೀ ಲೇಖನ ಆ ಒಂದು ಸಂಖ್ಯೆಯ ಬಗ್ಗೆ. ಅದನ್ನು ಹೇಗೆ ತೆಗೆಯುವುದು, ಯಾವುದರ ಜೊತೆ ಹೋಲಿಸುವುದು, ಆಮೇಲೆ ಅದನ್ನಿಟ್ಟುಕೊಂಡು ಏನು ಮಾಡುವುದು ಅಂತ ಹಂತ ಹಂತವಾಗಿ ನೋಡೋಣ. ಕಾಲ್, ಪುಟ್, ಸ್ಟ್ರೈಕ್ ಅಂದರೆ ಏನು ಅಂತ ನಿಮಗೆ ಗೊತ್ತಿದೆ ಅಂದುಕೊಂಡು ಬರೆಯುತ್ತಿದ್ದೇನೆ.

ಮೊದಲ ಹೆಜ್ಜೆ: ಘೋಷಣೆ ಯಾವ ಎಕ್ಸ್‌ಪೈರಿಯೊಳಗೆ ಬೀಳುತ್ತದೆ

ಕ್ಯಾಲೆಂಡರ್ ತೆಗೆದು ಕೂತುಕೊಳ್ಳಿ. ಘೋಷಣೆಗೆ ಮುಂಚೆ ಮುಗಿಯುವ ಕೊನೆಯ ಎಕ್ಸ್‌ಪೈರಿ ಯಾವುದು, ಘೋಷಣೆ ಆದಮೇಲೆ ಮುಗಿಯುವ ಮೊದಲ ಎಕ್ಸ್‌ಪೈರಿ ಯಾವುದು ಅಂತ ಗುರುತು ಹಾಕಿ. ಮೊದಲನೆಯದರಲ್ಲಿ ಘೋಷಣೆಯ ಬೆಲೆ ಒಂದಿಷ್ಟೂ ಇರುವುದಿಲ್ಲ. ಎರಡನೆಯದರಲ್ಲಿ ಪೂರ್ತಿ ಇರುತ್ತದೆ. ನಮ್ಮ ಲೆಕ್ಕ ನಿಂತಿರುವುದೇ ಈ ವ್ಯತ್ಯಾಸದ ಮೇಲೆ.

ತಾರೀಖಿನ ಜೊತೆ ಗಂಟೆಯನ್ನೂ ನೋಡಬೇಕು. ರಿಸರ್ವ್ ಬ್ಯಾಂಕಿನ ಹಣಕಾಸು ನೀತಿ ಸಮಿತಿಯ ತೀರ್ಮಾನವನ್ನು ಗವರ್ನರ್ ಬೆಳಿಗ್ಗೆ 10 ಗಂಟೆಗೆ ಓದುತ್ತಾರೆ. ಆಗ ನಮ್ಮ ಮಾರ್ಕೆಟ್ ತೆರೆದಿರುತ್ತದೆ, ಹಾಗಾಗಿ ಏರಿಳಿತ ಅದೇ ದಿನದ ಲೆಕ್ಕಕ್ಕೆ ಸೇರುತ್ತದೆ. ಅಮೆರಿಕದ ಫೆಡ್ ತೀರ್ಮಾನ ಹೊರಬರುವುದು ಅಲ್ಲಿನ ಮಧ್ಯಾಹ್ನ 2 ಗಂಟೆಗೆ, ಅಂದರೆ ನಮಗೆ ಮಧ್ಯರಾತ್ರಿಯ ಹೊತ್ತು. ಅದರ ಪರಿಣಾಮ ನಮ್ಮ ಸೂಚ್ಯಂಕದಲ್ಲಿ ಕಾಣುವುದು ಮರುದಿನ ಬೆಳಗಿನ ಗ್ಯಾಪ್‌ನಲ್ಲಿ. ಫೆಡ್ ಇರುವ ದಿನವೇ ಸಂಜೆ ಮುಗಿಯುವ ಎಕ್ಸ್‌ಪೈರಿಯಲ್ಲಿ ಫೆಡ್‌ನ ಬೆಲೆ ಇರುವುದಿಲ್ಲ. ಈ ಒಂದು ವಿಷಯ ಗಮನಿಸದೆ, ತಪ್ಪು ಎಕ್ಸ್‌ಪೈರಿ ಹಿಡಿದು ಕೂರುವವರು ಬಹಳ ಜನ.

ಬಜೆಟ್ ಇನ್ನೊಂದು ಬಗೆ. ಕೇಂದ್ರ ಬಜೆಟ್ 2017ರಿಂದ ಸಾಮಾನ್ಯವಾಗಿ ಫೆಬ್ರವರಿ 1ಕ್ಕೆ ಬರುತ್ತದೆ. ಭಾಷಣ ಶುರುವಾಗುವುದು 11 ಗಂಟೆಗೆ. ಬಡ್ಡಿ ದರದ ಹಾಗೆ ಒಂದೇ ಕ್ಷಣದಲ್ಲಿ ಇದು ಮುಗಿಯುವುದಿಲ್ಲ. ತೆರಿಗೆಯ ಮಾತು ಭಾಷಣದ ಎರಡನೇ ಭಾಗದಲ್ಲಿ ಬರುತ್ತದೆ, ಕೆಲವು ವಿವರಗಳು ಭಾಷಣ ಮುಗಿದಮೇಲೆ ಮಸೂದೆಯ ಕಾಗದಗಳಲ್ಲಿ ಸಿಗುತ್ತವೆ. ಹಾಗಾಗಿ ಪ್ರೀಮಿಯಂ ಕೂಡ ಒಮ್ಮೆಗೇ ಬೀಳದೆ, ಒಂದೆರಡು ಗಂಟೆ ತೆಗೆದುಕೊಂಡು ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಫೆಬ್ರವರಿ 1 ಶನಿವಾರ ಬಂದರೂ ಮಾರ್ಕೆಟ್ ತೆರೆದದ್ದುಂಟು, 2020 ಮತ್ತು 2025ರಲ್ಲಿ ಹಾಗೇ ಆಯಿತು. ಅಂಥ ವರ್ಷ ಟ್ರೇಡಿಂಗ್ ದಿನ ಎಣಿಸುವಾಗ ಅದನ್ನೂ ಸೇರಿಸಿಕೊಳ್ಳಬೇಕು.

ಎರಡನೇ ಹೆಜ್ಜೆ: ಘೋಷಣೆಯ ದಿನದ ಬೆಲೆ ಬಿಡಿಸುವುದು

ಈಗ ಒಂದು ಉದಾಹರಣೆ ಹಿಡಿದು ಕೊನೆಯವರೆಗೂ ಅದನ್ನೇ ಬಳಸೋಣ. ಸೂಚ್ಯಂಕ 20,000ದಲ್ಲಿದೆ. ಹತ್ತಿರದ ಎಕ್ಸ್‌ಪೈರಿಗೆ ಇನ್ನು 2 ಟ್ರೇಡಿಂಗ್ ದಿನ ಇದೆ, ಅದು ಘೋಷಣೆಗೆ ಮುಂಚೆಯೇ ಮುಗಿಯುತ್ತದೆ. ಅದರ ನಂತರದ ಎಕ್ಸ್‌ಪೈರಿಗೆ 5 ಟ್ರೇಡಿಂಗ್ ದಿನ ಇದೆ. ಘೋಷಣೆ ಇರುವುದು ಆ ಐದರಲ್ಲಿ ನಾಲ್ಕನೇ ದಿನ.

ಎರಡೂ ಎಕ್ಸ್‌ಪೈರಿಯಲ್ಲಿ 20,000 ಸ್ಟ್ರೈಕಿನ ಕಾಲ್ ಮತ್ತು ಪುಟ್ ಬೆಲೆ ಕೂಡಿಸಿ. ಈ ಜೋಡಿಯೇ ಸ್ಟ್ರಾಡಲ್. ಮೊದಲನೆಯದು 170 ಪಾಯಿಂಟ್, ಎರಡನೆಯದು 400 ಪಾಯಿಂಟ್ ಅಂತ ಇಟ್ಟುಕೊಳ್ಳೋಣ.

ಹೆಚ್ಚಿನವರು ಇಲ್ಲಿ ನೇರವಾಗಿ ಐವಿ ನೋಡಲು ಹೋಗುತ್ತಾರೆ, ಅಂದರೆ ಪ್ರೀಮಿಯಂನಿಂದ ಹಿಂದಕ್ಕೆ ಲೆಕ್ಕ ಹಾಕಿ ಶೇಕಡಾದಲ್ಲಿ ತೋರಿಸುವ ವರ್ಷದ ಏರಿಳಿತದ ಅಂದಾಜು. ನಾನು ಸ್ಟ್ರಾಡಲ್ ಬೆಲೆಯಿಂದಲೇ ಶುರು ಮಾಡುತ್ತೇನೆ, ಅದಕ್ಕೆ ಕಾರಣವಿದೆ. ಕೆಲವು ಸ್ಕ್ರೀನ್‌ಗಳು ಶನಿವಾರ, ಭಾನುವಾರವನ್ನೂ ದಿನ ಅಂತ ಎಣಿಸಿ ಐವಿ ತೋರಿಸುತ್ತವೆ, ಇನ್ನು ಕೆಲವು ಟ್ರೇಡಿಂಗ್ ದಿನ ಮಾತ್ರ ಎಣಿಸುತ್ತವೆ. ಮಧ್ಯೆ ವಾರಾಂತ್ಯ ಬಂದರೆ ಒಂದೇ ಆಪ್ಷನ್‌ಗೆ ಎರಡು ಕಡೆ ಎರಡು ಐವಿ ಕಾಣಿಸುತ್ತದೆ. ಪ್ರೀಮಿಯಂ ಮಾತ್ರ ಎಲ್ಲ ಕಡೆಯೂ ಒಂದೇ.

ಸ್ಟ್ರಾಡಲ್ ಬೆಲೆಯನ್ನು 1.25ರಿಂದ ಗುಣಿಸಿದರೆ, ಎಕ್ಸ್‌ಪೈರಿವರೆಗಿನ ಒಟ್ಟು ಏರಿಳಿತದ ಹರವು ಪಾಯಿಂಟ್‌ನಲ್ಲಿ ಸಿಗುತ್ತದೆ. ಸ್ಟ್ಯಾಂಡರ್ಡ್ ಡೀವಿಯೇಷನ್ ಅಂತ ಓದಿದ್ದೀರಲ್ಲ, ಅದೇ ಇದು. ಸ್ಟ್ರಾಡಲ್ ಬೆಲೆ ಅಂದರೆ ಸೂಚ್ಯಂಕ ಸರಾಸರಿ ಎಷ್ಟು ದೂರ ಹೋಗಬಹುದು ಅನ್ನುವ ಅಂದಾಜು. ಆ ಸರಾಸರಿ ಸಾಮಾನ್ಯವಾಗಿ ಹರವಿನ ಸುಮಾರು 80 ಶೇಕಡಾ ಇರುತ್ತದೆ. ಹಾಗಾಗಿಯೇ ವಾಪಸ್ ಹೋಗಲು 1.25ರ ಗುಣಾಕಾರ.

ಮೊದಲ ಎಕ್ಸ್‌ಪೈರಿಯಲ್ಲಿ 170 × 1.25 ಮಾಡಿದರೆ ಸುಮಾರು 212. ಇದು 2 ದಿನದ ಹರವು. ಒಂದು ದಿನಕ್ಕೆ ಎಷ್ಟು ಅಂತ ತಿಳಿಯಲು ಎರಡರಿಂದ ಭಾಗಿಸಬಾರದು, ಎರಡರ ವರ್ಗಮೂಲದಿಂದ ಭಾಗಿಸಬೇಕು. ಒಂದು ದಿನ ಮೇಲೆ ಹೋದದ್ದು ಮರುದಿನ ಕೆಳಗೆ ಬರಬಹುದು ಅಲ್ವಾ, ಅದಕ್ಕೇ ದಿನದ ಹರವುಗಳು ನೇರವಾಗಿ ಕೂಡುವುದಿಲ್ಲ. ಅವುಗಳ ವರ್ಗ ಮಾತ್ರ ಕೂಡುತ್ತದೆ. 212ನ್ನು 1.414ರಿಂದ ಭಾಗಿಸಿದರೆ 150. ಅಂದರೆ ಮಾಮೂಲಿ ದಿನಕ್ಕೆ ಮಾರ್ಕೆಟ್ ಇಟ್ಟಿರುವ ಹರವು 150 ಪಾಯಿಂಟ್, ಅಂದರೆ 0.75 ಶೇಕಡಾ.

ಎರಡನೇ ಎಕ್ಸ್‌ಪೈರಿಯ ಐದು ದಿನಗಳಲ್ಲಿ ನಾಲ್ಕು ಮಾಮೂಲಿ ದಿನ, ಒಂದು ಘೋಷಣೆಯ ದಿನ. ಒಟ್ಟು ವರ್ಗದಿಂದ ನಾಲ್ಕು ಮಾಮೂಲಿ ದಿನಗಳ ವರ್ಗ ಕಳೆದರೆ ಉಳಿಯುವುದು ಘೋಷಣೆಯ ದಿನದ ಪಾಲು:

```
400 × 1.25 = 500
500² = 250000
4 × 150² = 90000
√(250000 − 90000) = 400
```

ಘೋಷಣೆಯ ಆ ಒಂದು ದಿನಕ್ಕೆ ಮಾರ್ಕೆಟ್ ಇಟ್ಟಿರುವ ಹರವು 400 ಪಾಯಿಂಟ್, ಅಂದರೆ 2 ಶೇಕಡಾ. ಆ ದಿನದ ಸರಾಸರಿ ಏರಿಳಿತ ಬೇಕಿದ್ದರೆ 80 ಶೇಕಡಾ ಮಾಡಿ, 320 ಪಾಯಿಂಟ್. ನಾವು ಹುಡುಕುತ್ತಿದ್ದ ಸಂಖ್ಯೆ ಇದೇ.

ಇನ್ನೊಂದು ವಿಷಯ ಗಮನಿಸಿ. 250,000ದಲ್ಲಿ 160,000 ಈ ಒಂದು ದಿನದ್ದೇ. ಐದು ದಿನಗಳ ಅನಿಶ್ಚಿತತೆಯಲ್ಲಿ ಸುಮಾರು ಮೂರನೇ ಎರಡು ಪಾಲು ಒಂದೇ ಬೆಳಿಗ್ಗೆಯಲ್ಲಿ ಕೂತಿದೆ.

ಈ ಲೆಕ್ಕಕ್ಕೆ ದೂರದ ಎಕ್ಸ್‌ಪೈರಿ ಯಾಕೆ ಆಗಿಬರುವುದಿಲ್ಲ

20 ಟ್ರೇಡಿಂಗ್ ದಿನ ಇರುವ ತಿಂಗಳ ಎಕ್ಸ್‌ಪೈರಿಯಲ್ಲೂ ಇದೇ 160,000 ಇರುತ್ತದೆ, ಅಲ್ಲೂ ಘೋಷಣೆ ಅದೇ ತಾನೇ. ಆದರೆ ಅಲ್ಲಿ 19 ಮಾಮೂಲಿ ದಿನಗಳ ಜೊತೆ ಅದು ಕಲಸಿಹೋಗಿರುತ್ತದೆ. ಐವಿಗೆ ತಿರುಗಿಸಿ ನೋಡಿದರೆ ಘೋಷಣೆ ಇಲ್ಲದ ಎಕ್ಸ್‌ಪೈರಿ 12, ಘೋಷಣೆ ಇರುವ ಹತ್ತಿರದ್ದು ಸುಮಾರು 18, ತಿಂಗಳದ್ದು ಸುಮಾರು 13.7. ಒಂದೇ ಘೋಷಣೆ, ಒಂದು ಕಡೆ ಗುಡ್ಡದ ಹಾಗೆ ಎದ್ದು ಕಾಣುತ್ತದೆ, ಇನ್ನೊಂದು ಕಡೆ ಕಣ್ಣಿಗೇ ಬೀಳುವುದಿಲ್ಲ.

ಈಗ ಮಾಮೂಲಿ ದಿನದ ಐವಿ 12 ಬದಲು 13 ಇರಬೇಕಿತ್ತು ಅಂದುಕೊಳ್ಳಿ. ಹತ್ತಿರದ ಎಕ್ಸ್‌ಪೈರಿಯಿಂದ ತೆಗೆದರೆ ಘೋಷಣೆಯ ಹರವು 2 ಶೇಕಡಾದಿಂದ 1.9ಕ್ಕೆ ಬರುತ್ತದೆ, ಅಷ್ಟೆ. ತಿಂಗಳ ಎಕ್ಸ್‌ಪೈರಿಯಿಂದ ತೆಗೆದರೆ ಅದೇ ತಪ್ಪಿಗೆ 1.5ರ ಹತ್ತಿರಕ್ಕೆ ಕುಸಿಯುತ್ತದೆ. ಆದ್ದರಿಂದ ಘೋಷಣೆಗೆ ಅತಿ ಹತ್ತಿರದ ಎಕ್ಸ್‌ಪೈರಿಯಲ್ಲೇ ಅಳೆಯಿರಿ. ದೂರದ್ದನ್ನು ಪರೀಕ್ಷೆಗೆ ಮಾತ್ರ ಇಟ್ಟುಕೊಳ್ಳಿ. ನಮ್ಮ ಉದಾಹರಣೆಯಲ್ಲಿ ತಿಂಗಳ ಸ್ಟ್ರಾಡಲ್ 613ರ ಆಸುಪಾಸಿನಲ್ಲಿ ಇರಬೇಕು. ಬಹಳ ಬೇರೆ ಇದ್ದರೆ, ಆ ಹತ್ತೊಂಬತ್ತು ದಿನಗಳಲ್ಲಿ ನೀವು ಮರೆತ ಇನ್ನೊಂದು ಘಟನೆ ಇದೆಯಾ ಅಂತ ಕ್ಯಾಲೆಂಡರ್ ಮತ್ತೆ ನೋಡಿ.

ಬಡ್ಡಿ ದರದ ದಿನ ಬ್ಯಾಂಕ್ ನಿಫ್ಟಿ ಆಡುವವರಿಗೆ ಇದು ನಿಜವಾದ ತೊಡಕು. 2024ರ ನವೆಂಬರ್‌ನಿಂದ ಅದರಲ್ಲಿ ವಾರದ ಎಕ್ಸ್‌ಪೈರಿ ಇಲ್ಲ, ತಿಂಗಳದ್ದೇ ಇರುವುದು. ನೀತಿ ಘೋಷಣೆ ತಿಂಗಳ ಮೊದಲ ವಾರ ಬಂದರೆ ಅದರ ಬೆಲೆ ಅಲ್ಲಿ ತೆಳ್ಳಗೆ ಹರಡಿರುತ್ತದೆ. ಅಂಥ ಸಂದರ್ಭದಲ್ಲಿ ನಾನು ನಿಫ್ಟಿಯ ವಾರದ ಎಕ್ಸ್‌ಪೈರಿಯಲ್ಲಿ ಸಂಖ್ಯೆ ತೆಗೆಯುತ್ತೇನೆ. ಬ್ಯಾಂಕ್ ಸೂಚ್ಯಂಕ ಅದಕ್ಕಿಂತ ಜಾಸ್ತಿ ಅಲ್ಲಾಡುತ್ತದೆ ಅನ್ನುವುದನ್ನು ನೆನಪಿನಲ್ಲಿಟ್ಟು ಅದನ್ನು ಒಂದು ಕನಿಷ್ಠ ಅಂದಾಜಾಗಿ ಮಾತ್ರ ಬಳಸುತ್ತೇನೆ.

ಮೂರನೇ ಹೆಜ್ಜೆ: 320 ಪಾಯಿಂಟ್ ದುಬಾರಿಯಾ, ಅಗ್ಗವಾ?

ಇಲ್ಲಿ ನಿಧಾನವಾಗಿ ಯೋಚಿಸಬೇಕು, ಯಾಕೆಂದರೆ ಆಪ್ಷನ್ ಮಾರುವವರು ಜಾಸ್ತಿ ಎಡವುವುದು ಇಲ್ಲೇ. ಕೇಂದ್ರ ಬಜೆಟ್ ದಿನಗಳಲ್ಲಿ ನಿಫ್ಟಿ ಹಿಂದಿನ ದಿನದ ಮುಕ್ತಾಯಕ್ಕಿಂತ ಎಷ್ಟು ಸರಿಯಿತು ಅಂತ ನೋಡೋಣ. 2020ರಲ್ಲಿ ಸುಮಾರು 2.5 ಶೇಕಡಾ ಇಳಿಯಿತು. 2021ರಲ್ಲಿ 4.7 ಏರಿತು. 2022ರಲ್ಲಿ 1.4 ಏರಿತು. 2023ರಲ್ಲಿ 0.3 ಇಳಿಯಿತು. 2024ರ ಫೆಬ್ರವರಿಯ ಮಧ್ಯಂತರ ಬಜೆಟ್, ಅದೇ ವರ್ಷದ ಜುಲೈನ ಪೂರ್ಣ ಬಜೆಟ್, 2025ರ ಫೆಬ್ರವರಿ, ಈ ಮೂರೂ ಸಲ ಬದಲಾವಣೆ 0.1 ಶೇಕಡಾದಷ್ಟೇ.

ಏಳು ಬಜೆಟ್. ಸಾಲಾಗಿ ಜೋಡಿಸಿದರೆ ನಡುವಿನ ಸಂಖ್ಯೆ 0.3. ಅದನ್ನು ನೋಡಿದವರು, ಬಜೆಟ್ ದಿನ ಏನೂ ಆಗಲ್ಲ, ಸುಮ್ನೆ ಪ್ರೀಮಿಯಂ ಮಾರಿ ಕೂತರೆ ಸಾಕು ಅಂತಾರೆ. ಸರಾಸರಿ ತೆಗೆದರೆ 1.3. ವರ್ಗ ಮಾಡಿ, ಸರಾಸರಿ ತೆಗೆದು, ವರ್ಗಮೂಲ ತೆಗೆದರೆ 2.1. ಒಂದೇ ಏಳು ದಿನಗಳಿಂದ ಮೂರು ಉತ್ತರ ಬಂತು, ಅವುಗಳ ಮಧ್ಯೆ ಏಳು ಪಟ್ಟು ಅಂತರ!

ನಾವು ತೆಗೆದ 2 ಶೇಕಡಾ ಹರವನ್ನು ಹೋಲಿಸಬೇಕಾದ್ದು ಆ ಕೊನೆಯ 2.1ರ ಜೊತೆ. ಸರಾಸರಿ ಏರಿಳಿತದ 1.6 ಶೇಕಡಾವನ್ನು ಹೋಲಿಸಬೇಕಾದ್ದು 1.3ರ ಜೊತೆ. ನಡುವಿನ 0.3ರ ಜೊತೆ ಯಾವುದನ್ನೂ ಹೋಲಿಸಬಾರದು. ಮಾರುವವರಿಗೆ ಎರಡು ಸಲ ಬರುವ ಲಾಭವನ್ನು 2021ರಂಥ ಒಂದೇ ದಿನ ಒರೆಸಿ ಹಾಕುತ್ತದೆ, ಆ ದಿನ ಈ 0.3ರಲ್ಲಿ ಕಾಣುವುದೇ ಇಲ್ಲ. ಏಳು ದಿನಗಳು ಬಹಳ ಕಡಿಮೆ ಅನ್ನುವುದೂ ನಿಜ. ಅದಕ್ಕೇ ಈ ಹೋಲಿಕೆಯಿಂದ ನಾನು ಸಣ್ಣ ವ್ಯತ್ಯಾಸಗಳನ್ನು ಓದುವುದಿಲ್ಲ. ಮಾರ್ಕೆಟ್ 2 ಇಟ್ಟಿದ್ದು ಇತಿಹಾಸ 2.1 ಹೇಳಿದರೆ ಬೆಲೆ ಸರಿಯಾಗಿದೆ ಅಂತ ಅರ್ಥ, ಅವತ್ತು ನನಗೆ ಕೊಳ್ಳಲೂ ಕಾರಣವಿಲ್ಲ, ಮಾರಲೂ ಕಾರಣವಿಲ್ಲ. ಎರಡರ ನಡುವೆ ಮೂರನೇ ಒಂದು ಭಾಗದಷ್ಟಾದರೂ ಅಂತರ ಇದ್ದರೆ ಮುಂದೆ ಯೋಚಿಸುತ್ತೇನೆ.

ಮುಕ್ತಾಯದ ಬೆಲೆ ಮಾತ್ರ ನೋಡಿದರೆ ಇನ್ನೊಂದು ವಿಷಯ ಮರೆಯಾಗುತ್ತದೆ. 2024ರ ಜುಲೈ 23ರಂದು ಷೇರುಗಳ ಅಲ್ಪಾವಧಿ ಲಾಭದ ತೆರಿಗೆ 15ರಿಂದ 20 ಶೇಕಡಾಕ್ಕೆ, ದೀರ್ಘಾವಧಿಯದು 10ರಿಂದ 12.5ಕ್ಕೆ ಏರಿತು. ಮಧ್ಯಾಹ್ನ ನಿಫ್ಟಿ 1 ಶೇಕಡಾಕ್ಕಿಂತ ಜಾಸ್ತಿ ಬಿತ್ತು, ಆಮೇಲೆ ಪೂರ್ತಿ ಎದ್ದು ಬಹುತೇಕ ಅಲ್ಲೇ ಮುಗಿಯಿತು. ಪಟ್ಟಿಯಲ್ಲಿ ಅದು 0.1 ಅಂತ ಕೂತಿದೆ. ಅವತ್ತು ಬಿಗಿಯಾದ ಸ್ಟಾಪ್‌ಲಾಸ್ ಇಟ್ಟು ಪುಟ್ ಮಾರಿದವರಿಗೆ ಅದು 0.1ರ ದಿನ ಆಗಿರಲಿಲ್ಲ.

ಬಡ್ಡಿ ದರಕ್ಕೆ ಇತಿಹಾಸಕ್ಕಿಂತ ನಿರೀಕ್ಷೆ ಮುಖ್ಯ. ದರ ಇಳಿಯುವುದು ಎಲ್ಲರಿಗೂ ಗೊತ್ತಿದ್ದರೆ ಇಳಿದಾಗ ಏನೂ ಆಗುವುದಿಲ್ಲ. 2025ರ ಜೂನ್ 6ರಂದು 0.25 ಶೇಕಡಾ ಇಳಿಸುತ್ತಾರೆ ಅನ್ನುವುದು ಹೆಚ್ಚಿನವರ ನಿರೀಕ್ಷೆ ಆಗಿತ್ತು. ರಿಸರ್ವ್ ಬ್ಯಾಂಕ್ 0.50 ಇಳಿಸಿ, ಜೊತೆಗೆ ಬ್ಯಾಂಕುಗಳು ತನ್ನ ಬಳಿ ಇಡಬೇಕಾದ ನಗದಿನ ಪಾಲಾದ ಸಿಆರ್‌ಆರ್ ಅನ್ನೂ 1 ಶೇಕಡಾ ಇಳಿಸುವುದಾಗಿ ಹೇಳಿತು. ಅವತ್ತು ಮಾರ್ಕೆಟ್ ಏರಿದ್ದು ಎರಡನೇ 0.25ಕ್ಕೆ ಮತ್ತು ಸಿಆರ್‌ಆರ್‌ಗೆ. ಆದ್ದರಿಂದ ಹಿಂದಿನ ದಿನಗಳ ಪಟ್ಟಿ ಮಾಡುವಾಗ ನಿರೀಕ್ಷಿಸಿದ್ದೇ ಬಂದ ದಿನಗಳನ್ನೂ ಅಚ್ಚರಿ ಬಂದ ದಿನಗಳನ್ನೂ ಬೇರೆ ಬೇರೆ ಬರೆದುಕೊಳ್ಳಿ. ಈ ಸಲ ತಜ್ಞರ ಅಭಿಪ್ರಾಯ ಒಡೆದಿದ್ದರೆ ಎರಡನೇ ಪಟ್ಟಿಗೆ ಜಾಸ್ತಿ ತೂಕ ಕೊಡಬೇಕು.

ನಾಲ್ಕನೇ ಹೆಜ್ಜೆ: ಘೋಷಣೆಯ ಹಿಂದಿನ ಸಂಜೆಯ ಚಿತ್ರ

ಮೂರು ದಿನ ಕಳೆಯಿತು, ಸೂಚ್ಯಂಕ ಇನ್ನೂ 20,000ದಲ್ಲೇ ಇದೆ. ನಮ್ಮ ಎಕ್ಸ್‌ಪೈರಿಯಲ್ಲಿ ಈಗ ಎರಡೇ ದಿನ, ನಾಳೆ ಘೋಷಣೆ, ನಾಡಿದ್ದು ಮಾಮೂಲಿ ದಿನ. 160,000ಕ್ಕೆ 22,500 ಸೇರಿಸಿ ವರ್ಗಮೂಲ ತೆಗೆದರೆ 427. ಸ್ಟ್ರಾಡಲ್ 342 ಪಾಯಿಂಟ್. ಐವಿ ನೋಡಿದರೆ ಸುಮಾರು 24.

ಐವಿ 18ರಿಂದ 24ಕ್ಕೆ ಏರಿದೆ, ಆದರೆ ಸ್ಟ್ರಾಡಲ್ 400ರಿಂದ 342ಕ್ಕೆ ಇಳಿದಿದೆ. ಘೋಷಣೆಯ ಬಗ್ಗೆ ಮಾರ್ಕೆಟ್ಟಿನ ಅಭಿಪ್ರಾಯ ಒಂದಿಷ್ಟೂ ಬದಲಾಗಿಲ್ಲ. ಮಾಮೂಲಿ ದಿನಗಳು ಉದುರಿಹೋಗಿ ದೊಡ್ಡ ದಿನ ಮಾತ್ರ ಉಳಿದದ್ದರಿಂದ ದಿನದ ಸರಾಸರಿ ಮೇಲೆ ಹೋಗಿದೆ, ಅಷ್ಟೇ. ಘೋಷಣೆಗೆ ಮುಂಚೆ ಐವಿ ಏರುತ್ತದೆ, ಹಾಗಾಗಿ ವಾರದ ಮೊದಲೇ ಕೊಂಡು ಹಿಂದಿನ ದಿನ ಮಾರಿದರೆ ಲಾಭ ಅನ್ನುವ ಸಲಹೆ ಎಲ್ಲೆಡೆ ಓಡಾಡುತ್ತಿರುತ್ತದೆ. ಅದನ್ನು ನಂಬಿ ಕೊಂಡವರಿಗೆ ಇಲ್ಲಿ 58 ಪಾಯಿಂಟ್ ನಷ್ಟ. ಆ ಮೂರು ದಿನಗಳಲ್ಲಿ ಸೂಚ್ಯಂಕ ಚೆನ್ನಾಗಿ ಅಲ್ಲಾಡಿದರೆ, ಇಲ್ಲವೇ ಘೋಷಣೆಗಿಟ್ಟ 400ರ ಹರವು ತಾನೇ ಹಿಗ್ಗಿದರೆ ಮಾತ್ರ ಲಾಭ. ಆದ್ದರಿಂದ ದಿನಾ ಸಂಜೆ ಎರಡನೇ ಹೆಜ್ಜೆಯ ಲೆಕ್ಕ ಮತ್ತೆ ಮಾಡಿ, ಆ 400 ಬದಲಾಗಿದೆಯಾ ನೋಡಿ. ಐವಿ ಬದಲಾದದ್ದರಿಂದ ನಿಮಗೆ ಹೊಸದೇನೂ ತಿಳಿಯುವುದಿಲ್ಲ.

ಇನ್ನು ಘೋಷಣೆ ಆದಮೇಲೆ. ಉಳಿಯುವುದು ಒಂದೇ ಮಾಮೂಲಿ ದಿನ, ಹರವು 150, ಸ್ಟ್ರಾಡಲ್ 120. ಸೂಚ್ಯಂಕ ಕದಲದಿದ್ದರೆ 342 ಇದ್ದದ್ದು 120ಕ್ಕೆ ಬರುತ್ತದೆ. 200 ಪಾಯಿಂಟ್ ಆ ಕಡೆ ಈ ಕಡೆ ಹೋದರೆ ಸ್ಟ್ರಾಡಲ್ 213, ಕೊಂಡವರಿಗೆ ಇನ್ನೂ 129 ನಷ್ಟ. ಹಾಕಿದ ದುಡ್ಡು ವಾಪಸ್ ಬರಬೇಕಾದರೆ ಸೂಚ್ಯಂಕ ಸುಮಾರು 340 ಪಾಯಿಂಟ್ ಸರಿಯಬೇಕು.

ಲೇಖನದ ಮೊದಲಲ್ಲಿ ಹೇಳಿದ ಆ ಕಾಲ್ ಆಪ್ಷನ್ ಈಗ ನೋಡಿ. ಅದು 20,400 ಸ್ಟ್ರೈಕಿನದು. ಹಿಂದಿನ ಸಂಜೆ ಹರವು 427 ಇದ್ದಾಗ 400 ಪಾಯಿಂಟ್ ದೂರ ಅನ್ನುವುದು ಒಂದು ಹರವಿನಷ್ಟೂ ಇರಲಿಲ್ಲ, ಅದಕ್ಕೇ 40 ಬೆಲೆ. ಘೋಷಣೆ ಆಗಿ ಸೂಚ್ಯಂಕ 20,200ಕ್ಕೆ ಬಂತು. ಸ್ಟ್ರೈಕ್ ಈಗ 200 ಪಾಯಿಂಟ್ ಹತ್ತಿರ ಬಂದಿದೆ, ಆದರೆ ಹರವು 150ಕ್ಕೆ ಕುಗ್ಗಿದೆ. ಉಳಿದ ಒಂದು ದಿನದಲ್ಲಿ ಅಷ್ಟು ದೂರ ತಲುಪುವುದು ಕಷ್ಟ, ಬೆಲೆ 6. ಈ ಆಪ್ಷನ್‌ನಲ್ಲಿ ಹಾಕಿದ 40 ವಾಪಸ್ ಬರಲು ಸೂಚ್ಯಂಕ 350 ಪಾಯಿಂಟಿಗಿಂತ ಜಾಸ್ತಿ ಏರಬೇಕಿತ್ತು. ಅದೇ ಸಂಜೆ 171 ಕೊಟ್ಟು 20,000ದ ಕಾಲ್ ಕೊಂಡಿದ್ದರೆ ಅದು 206 ಆಗುತ್ತಿತ್ತು. ಅಗ್ಗ ಅಂತ ಕಂಡ ದೂರದ ಸ್ಟ್ರೈಕಿನಲ್ಲಿ ಇರುವುದೆಲ್ಲ ಘೋಷಣೆಯ ಬೆಲೆಯೇ, ಬೇರೇನೂ ಅಲ್ಲ.

ಐದನೇ ಹೆಜ್ಜೆ: ಯಾವ ರಚನೆ

ಕೊಳ್ಳುವ ಕಡೆ ಹೆಚ್ಚು ಹೇಳುವುದಿಲ್ಲ. ನಿಮ್ಮ ಅಂದಾಜಿನಲ್ಲಿ ಹರವು 400ಕ್ಕಿಂತ ಸಾಕಷ್ಟು ಜಾಸ್ತಿ ಇದ್ದರೆ ಸ್ಟ್ರಾಡಲ್ ಕೊಳ್ಳಿ. ಒಂದು ದಿಕ್ಕಿನ ಅಭಿಪ್ರಾಯ ಇದ್ದರೆ 20,000ದ ಕಾಲ್ ಕೊಂಡು 20,400ರ ಕಾಲ್ ಮಾರಿ. 171 ಕೊಟ್ಟು 40 ವಾಪಸ್ ಪಡೆದು 131ಕ್ಕೆ ನಿಂತಿರಿ. ಸೂಚ್ಯಂಕ 200 ಏರಿದಾಗ ಈ ಜೋಡಿ 206 ಮತ್ತು 6ರ ನಡುವಿನ 200 ಆಗುತ್ತದೆ. ಮೊದಲಿನವರು ನಷ್ಟ ಮಾಡಿಕೊಂಡ ಅದೇ ದಿನ ನಿಮಗೆ 69 ಲಾಭ, ಯಾಕೆಂದರೆ ಕರಗುವ ಆಪ್ಷನ್ ಒಂದನ್ನು ನೀವು ಮಾರಿದ್ದೀರಿ.

ಮಾರುವ ಕಡೆ ಸ್ಟ್ರಾಡಲ್ ಬೋಳಾಗಿ ಮಾರಬೇಡಿ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ಅತಿ ಹೆಚ್ಚು ಅಂದರೆ ಅವತ್ತು ಸಿಗುವುದು 222 ಪಾಯಿಂಟ್, 342 ಮತ್ತು 120ರ ನಡುವಿನದು. 2021ರ ಹಾಗೆ 4.7 ಶೇಕಡಾ ಓಡಿದರೆ ಅದು 940 ಪಾಯಿಂಟ್, ನಷ್ಟ ಸುಮಾರು 600. ಅದರ ಬದಲು 600 ಪಾಯಿಂಟ್ ದೂರದ ಎರಡೂ ಬದಿಯ ಆಪ್ಷನ್ ಕೊಂಡು ರೆಕ್ಕೆ ಕಟ್ಟಿ. ಕೆಳಗಿನ ಪುಟ್ ಸಾಮಾನ್ಯವಾಗಿ ಸ್ವಲ್ಪ ದುಬಾರಿ ಇರುತ್ತದೆ. ಪುಟ್‌ಗೆ 26, ಕಾಲ್‌ಗೆ 16 ಅಂತ ಹಿಡಿಯೋಣ. 342ರಲ್ಲಿ 42 ಹೋಗಿ 300 ಕೈಗೆ. ಗರಿಷ್ಠ ನಷ್ಟ 600ರಲ್ಲಿ 300 ಕಳೆದು 300. ಸೂಚ್ಯಂಕ ಅಲ್ಲೇ ನಿಂತರೆ ಘೋಷಣೆಯ ನಂತರ ಸುಮಾರು 180 ಲಾಭದಲ್ಲಿ ಹೊರಬರಬಹುದು. 42 ಪಾಯಿಂಟ್ ಕೊಟ್ಟು ಕೊನೆಯಿಲ್ಲದ ನಷ್ಟವನ್ನು 300ಕ್ಕೆ ನಿಲ್ಲಿಸಿದಿರಿ. ಎಷ್ಟು ಲಾಟ್ ಹಾಕಬೇಕು ಅಂತ ಈ 300ನ್ನು ನೋಡಿ ತೀರ್ಮಾನಿಸಿ, ಕೇಳುವ ಮಾರ್ಜಿನ್ ನೋಡಿ ಅಲ್ಲ.

ರೆಕ್ಕೆಯ ಬದಲು ಸ್ಟಾಪ್‌ಲಾಸ್ ಸಾಕಲ್ವಾ ಅಂತ ಕೇಳುತ್ತಾರೆ. ಸಾಲದು. ಘೋಷಣೆಯ ನಿಮಿಷದಲ್ಲಿ ಬೆಲೆ ನಡೆದು ಹೋಗುವುದಿಲ್ಲ, ಜಿಗಿಯುತ್ತದೆ. ಮಾರ್ಕೆಟ್ ಮೇಕರ್‌ಗಳು ಆರ್ಡರ್ ಹಿಂದಕ್ಕೆ ತೆಗೆದುಕೊಂಡಿರುತ್ತಾರೆ. ಒಂದು ನಿಮಿಷ ಮುಂಚೆ ಕೊಳ್ಳುವ ಬೆಲೆ 39, ಮಾರುವ ಬೆಲೆ 40 ಇದ್ದ ಆಪ್ಷನ್‌ನಲ್ಲಿ ಆಗ 15 ಮತ್ತು 60 ಕಾಣಬಹುದು. ಮಾರ್ಕೆಟ್ ಆರ್ಡರ್ ಆಗಿ ಬದಲಾಗುವ ಸ್ಟಾಪ್ ಇದ್ದರೆ ಅದು ಆ 60ರಲ್ಲೇ ತುಂಬುತ್ತದೆ. ಮೊದಲ ಕೆಲವು ನಿಮಿಷ ಲಿಮಿಟ್ ಆರ್ಡರ್ ಬಿಟ್ಟು ಬೇರೆ ಯಾವುದನ್ನೂ ಬಳಸಬೇಡಿ. ಎರಡೂ ಬದಿಯ ಅಂತರ ಮತ್ತೆ ಒಂದೆರಡು ಪಾಯಿಂಟಿಗೆ ಬಂದಮೇಲೆ ಕೈ ಹಾಕಿ.

ಈ ಲೆಕ್ಕ ಎಲ್ಲಿ ಕೈಕೊಡುತ್ತದೆ

ಕ್ಯಾಲೆಂಡರ್‌ನಲ್ಲಿ ಇರುವುದು ಮಾತ್ರ ಬೆಲೆಯಲ್ಲಿ ಇರುತ್ತದೆ. 2022ರ ಮೇ 4ರಂದು ರಿಸರ್ವ್ ಬ್ಯಾಂಕ್ ವೇಳಾಪಟ್ಟಿಯಲ್ಲಿ ಇಲ್ಲದ ದಿನ, ಮಧ್ಯಾಹ್ನ 2 ಗಂಟೆಗೆ, ರೆಪೋ ದರವನ್ನು 0.40 ಶೇಕಡಾ ಏರಿಸಿತು. ನಿಫ್ಟಿ 2 ಶೇಕಡಾಕ್ಕಿಂತ ಜಾಸ್ತಿ ಬಿತ್ತು. ಅವತ್ತಿನ ಪ್ರೀಮಿಯಂನಲ್ಲಿ ಆ ಘೋಷಣೆಗೆ ಒಂದು ಪಾಯಿಂಟೂ ಎತ್ತಿಟ್ಟಿರಲಿಲ್ಲ. ಮಾಮೂಲಿ ದಿನ ಅಂತ ನಾವು 150 ಹಿಡಿದದ್ದು ಅಂಥ ದಿನಗಳಿಗೆ ಅನ್ವಯಿಸುವುದಿಲ್ಲ, ರೆಕ್ಕೆ ಕಟ್ಟಿಸಿಕೊಳ್ಳಲು ಅದು ಇನ್ನೊಂದು ಕಾರಣ.

ಎರಡನೆಯದು, ಘೋಷಣೆಯ ಪರಿಣಾಮ ಅದೇ ದಿನ ಮುಗಿಯಬೇಕೆಂದಿಲ್ಲ. ಬ್ರಿಟನ್ನಿನ ಮಿನಿ ಬಜೆಟ್ ಬಂದದ್ದು 2022ರ ಸೆಪ್ಟೆಂಬರ್ 23, ಶುಕ್ರವಾರ. ಅವತ್ತೇ ಪೌಂಡ್ ಬಿತ್ತು ನಿಜ, ಆದರೆ ಡಾಲರ್ ಎದುರು ದಾಖಲೆಯ ತಳ ಮುಟ್ಟಿದ್ದು ಸೋಮವಾರ 26ರಂದು. ಬ್ಯಾಂಕ್ ಆಫ್ ಇಂಗ್ಲೆಂಡ್ ಬಾಂಡ್ ಕೊಳ್ಳಲು ಇಳಿದದ್ದು 28ರಂದು. ಶುಕ್ರವಾರ ಸಂಜೆಗೆ ಗಂಡಾಂತರ ಕಳೆಯಿತು ಅಂತ ಪ್ರೀಮಿಯಂ ಮಾರಿದ್ದವರಿಗೆ ನಿಜವಾದ ಹೊಡೆತ ಬಿದ್ದದ್ದು ಆಮೇಲೆ.

ಇದನ್ನು ಗುರುತಿಸಲು ಒಂದು ದಾರಿ ಇದೆ. ಘೋಷಣೆ ಆಗಿ ಒಂದು ಗಂಟೆ ಕಳೆದಮೇಲೆ ಸೂಚ್ಯಂಕ ಎಲ್ಲಿ ಇದೆಯೋ ಆ ಸ್ಟ್ರೈಕಿನ ಸ್ಟ್ರಾಡಲ್ ನೋಡಿ. ಹಳೆಯ 20,000ದ್ದಲ್ಲ, ಈಗಿನ ಸ್ಟ್ರೈಕಿನದು. ನಮ್ಮ ಲೆಕ್ಕದ ಪ್ರಕಾರ ಅದು 120ಕ್ಕೆ ಬಂದಿರಬೇಕು. ಅವತ್ತಿನ ಉಳಿದ ಕೆಲವು ಗಂಟೆಗಳಿಗೆ ಸ್ವಲ್ಪ ಸೇರಿಸಿದರೂ 135 ದಾಟಬಾರದು. ಬಂದಿದ್ದರೆ ಘೋಷಣೆ ಮುಗಿದಿದೆ, ಮಾರಿದವರು ಲಾಭ ತೆಗೆದುಕೊಂಡು ಹೊರಡಬಹುದು. ಅದು ಇನ್ನೂ 180ರಲ್ಲಿ ನಿಂತಿದ್ದರೆ 1.25ರಿಂದ ಗುಣಿಸಿ, 225. ಮಾಮೂಲಿ 150ರ ಒಂದೂವರೆ ಪಟ್ಟು. ಮಾರ್ಕೆಟ್ ಇನ್ನೂ ಏನನ್ನೋ ಕಾಯುತ್ತಿದೆ ಅಂತ ಅರ್ಥ. ಬಜೆಟ್ ಆಗಿದ್ದರೆ ಓದದೆ ಉಳಿದ ಕಾಗದ ಇರಬಹುದು, ಬಡ್ಡಿ ದರ ಆಗಿದ್ದರೆ ಗವರ್ನರ್ ಪತ್ರಿಕಾಗೋಷ್ಠಿ ಬಾಕಿ ಇರಬಹುದು. ಪ್ರೀಮಿಯಂ ಇನ್ನೂ ಕರಗಲಿಲ್ಲ, ಹಾಗಾಗಿ ಇನ್ನೊಂದಿಷ್ಟು ಮಾರೋಣ ಅಂತ ಅನ್ನಿಸುವುದು ಆ ಹೊತ್ತಿನಲ್ಲೇ. ನಾನು ಆಗ ಹೊಸದಾಗಿ ಮಾರುವುದಿಲ್ಲ. ಇರುವ ಪೊಸಿಷನ್‌ನಲ್ಲಿ ಅರ್ಧ ಬಿಡಿಸಿಕೊಂಡು, ಉಳಿದರ್ಧಕ್ಕೆ ರೆಕ್ಕೆ ಹಾಗೇ ಇದೆಯಾ ಅಂತ ನೋಡಿ, ಸ್ಟ್ರಾಡಲ್ 135ರ ಕೆಳಗೆ ಬರುವವರೆಗೆ ಕಾಯುತ್ತೇನೆ.